ಮೊಲದ ಮರಿಯ ಕೊನೆಯ ಸಾಲು

ಗಟ್ಟಿಯಾಗಿ ಓದಬೇಕಾಗಿ ಬಂದರೆ ಏನು ಮಾಡಲಿ ಎಂಬುದೇ ನನ್ನ ಆ ದಿನದ ಚಿಂತೆಯಾಗಿತ್ತು. ಬೇರೆಯವರಿಗೆ ಹೇಳಿದರೆ ನಕ್ಕಾರು. ಬಿ.ಎ. ಇಂಗ್ಲಿಷ್ ಮುಗಿಸಿದವಳು, ಆದರೆ ನಾಲ್ಕು ಮಂದಿಯ ಎದುರು ಒಂದು ಸಾಲು ಓದುವಷ್ಟರಲ್ಲಿ ಗಂಟಲು ಕಟ್ಟುತ್ತದೆ, ಧ್ವನಿ ಯಾರದೋ ಆಗಿಬಿಡುತ್ತದೆ. ಕಾಲೇಜಿನಲ್ಲಿ ಹಾಜರಿ ಕೂಗಿದಾಗ 'ಪ್ರೆಸೆಂಟ್' ಎಂದದ್ದು ಕೇಳಿಸದೆ ಎಷ್ಟೋ ಸಲ ಗೈರುಹಾಜರಿ ಬಿದ್ದಿದೆ. 'ನಾಳೆ ಓದಲು ಹೇಳಿದರೆ ಗಂಟಲು ನೋವು ಎನ್ನಬೇಕು' ಎಂದು ಡೈರಿಯಲ್ಲಿ ಬರೆದು ಮಲಗಿದೆ. ಬರೆದದ್ದನ್ನು ನೋಡಿ ನನಗೇ ನಾಚಿಕೆಯಾಯಿತು. ನಾನು ಓದಬೇಕಾಗಿದ್ದದ್ದು ಐದು ವರ್ಷದ ಮಗುವಿಗೆ.

ಎಂಬತ್ತೊಂದನೆಯ ಇಸವಿ. ಸಂಕ್ರಾಂತಿ ಆಗಷ್ಟೇ ಕಳೆದಿತ್ತು. ಬೆಳಗಾವಿಯ ಕೋಟೆಯ ಹತ್ತಿರ ಗೌರವ್ವನವರು ನಡೆಸುತ್ತಿದ್ದ ಮಕ್ಕಳ ಆಶ್ರಮದಲ್ಲಿ ನಾನು ಪತ್ರ ಬರೆಯುವ ಕೆಲಸಕ್ಕೆ ಸೇರಿ ಆಗಿನ್ನೂ ವರ್ಷವಾಗಿರಲಿಲ್ಲ. ನಮ್ಮ ಮನೆ ಸದಾಶಿವನಗರ. 'ಮದುವಿ ಆಗೂತನಕ ಕುಂತು ಕುಂತು ಏನ್ ಮಾಡತಾಳ, ಪುಣ್ಯೇದ ಕೆಲಸ, ಹೋಗಲಿ' ಎಂದು ಅಪ್ಪ ಚನ್ನಬಸಯ್ಯನವರು ಕಳಿಸಿದ್ದರು. ಮಾತು ಬಾರದವಳಿಗೆ ಬರೆಯುವ ಕೆಲಸ ಒಗ್ಗಿತ್ತು. ಗೌರವ್ವನವರನ್ನು ದೊಡ್ಡವರು ಸಣ್ಣವರು ಎಲ್ಲರೂ ಅಕ್ಕಾರು ಎನ್ನುತ್ತಿದ್ದರು. ಅವರ ಬಾಯಿ ಜೋರು, ಕೈ ಮೆತ್ತಗೆ.

ಆ ದಿನ ಸ್ವೀಡನ್ ದೇಶದಿಂದ ಒಂದು ಲಕೋಟೆ ಬಂದಿತ್ತು. ಅಲ್ಲಿಯ ಗಂಡ ಹೆಂಡತಿ ನಮ್ಮ ಬಾಳವ್ವನನ್ನು ಮಗಳಾಗಿ ತೆಗೆದುಕೊಳ್ಳಲು ವರ್ಷದಿಂದ ಕಾಯುತ್ತಿದ್ದರು. ಕಾಗದಪತ್ರ ಎಲ್ಲ ಆಗಿತ್ತು. ಇನ್ನು ಉಳಿದದ್ದು ಜಿಲ್ಲಾ ನ್ಯಾಯಾಧೀಶರ ಅಪ್ಪಣೆ. ಅವರು ಮಗುವಿನ ಅಜ್ಜಿಯನ್ನು ಎದುರು ನಿಲ್ಲಿಸಿಕೊಂಡು 'ನಿನಗೆ ಒಪ್ಪಿಗೆ ಇದೆಯೇ' ಎಂದು ಕೇಳಿ, ಆಕೆ ಹೂಂ ಎಂದಮೇಲೆ ಆ ದಂಪತಿಗಳನ್ನು ಪಾಲಕರೆಂದು ನೇಮಿಸಿ, ಮಗುವನ್ನು ದೇಶದಾಚೆ ಕರೆದೊಯ್ಯಲು ಬಿಡಬೇಕು. ಅಜ್ಜಿ ಎಂದರೆ ಖಾನಾಪುರದ ಮಾಯಕ್ಕ. ಕುರಿ ಕಾಯುವವರ ಮನೆ. ಮಗಳು ಬಾಣಂತಿತನದಲ್ಲಿ ತೀರಿಕೊಂಡಳು, ಅಳಿಯ ಬೇರೆ ಮದುವೆಯಾಗಿ ಮಗುವಿನ ಮುಖ ನೋಡಲಿಲ್ಲ. ಮುದುಕಿಗೆ ಕಣ್ಣಿಗೆ ಪೊರೆ ಬಂದು ಕುರಿಯ ಹಿಂದೆ ಹೋಗಲಾಗದೆ, ಮಗ ಭರಮಣ್ಣನ ಮನೆಯಲ್ಲಿ ಅವನವೇ ನಾಲ್ಕು ಮಕ್ಕಳಿದ್ದು, ಬಾಳವ್ವನನ್ನು ತಂದು ನಮ್ಮಲ್ಲಿ ಬಿಟ್ಟಿದ್ದಳು.

ಲಕೋಟೆಯಲ್ಲಿ ಇದ್ದದ್ದು ಒಂದು ಬಣ್ಣದ ಫೋಟೋ. ಮಕ್ಕಳ ಚಿತ್ರಪುಸ್ತಕದ ಒಂದು ಪುಟದ ಫೋಟೋ. ಫ್ಲ್ಯಾಶ್ ಹಾಕಿ ತೆಗೆದದ್ದಕ್ಕೆ ಪುಟದ ಬಲಗಡೆ ಮೇಲಿನ ಮೂಲೆ ಬೆಳಕು ಬಡಿದು ಬಿಳಿಯಾಗಿತ್ತು. ಚಿತ್ರ ಮಾತ್ರ ಚೆನ್ನಾಗಿ ಬಂದಿತ್ತು. ಸಣ್ಣ ಮಂಚ, ಅದರಲ್ಲಿ ಹೊದ್ದುಕೊಂಡ ಮೊಲದ ಮರಿ, ಪಕ್ಕದಲ್ಲಿ ದೀಪ ಹಿಡಿದು ನಿಂತ ದೊಡ್ಡ ಮೊಲ, ಕಿಟಕಿಯಾಚೆ ಹಿಮ. ಚಿತ್ರದ ಕೆಳಗೆ ಅವರ ಭಾಷೆಯ ಅಕ್ಷರ, ಕೆಲವು ಅಕ್ಷರಗಳ ತಲೆಯ ಮೇಲೆ ಚುಕ್ಕೆ. ಫೋಟೋದ ಹಿಂಬದಿ ಆ ತಾಯಿ ಬಾಲ್‌ಪೆನ್ನಿನಿಂದ ಒಂದೊಂದು ಸಾಲಿನ ಇಂಗ್ಲಿಷ್ ಅರ್ಥ ಬರೆದಿದ್ದಳು. ಜೊತೆಗಿನ ಚೀಟಿಯಲ್ಲಿ ಒಂದು ಬೇಡಿಕೆ ಇತ್ತು. ಪುಸ್ತಕವನ್ನು ಮಗುವಿನ ಹಾಸಿಗೆಯ ಪಕ್ಕದ ಗೂಡಿನಲ್ಲಿ ಇಟ್ಟಿದ್ದೇವೆ, ಅದು ಅಲ್ಲೇ ಕಾಯಲಿ. ಈ ಒಂದು ಪುಟವನ್ನು ಅವಳ ಭಾಷೆಯಲ್ಲಿ ಮಾಡಿ ಮಲಗುವ ಹೊತ್ತಿಗೆ ಓದಿ ಹೇಳುವಿರಾ? ಇಲ್ಲಿಗೆ ಬಂದ ಮೊದಲ ರಾತ್ರಿ ನಾನು ಇದೇ ಪುಟ ತೆರೆಯುತ್ತೇನೆ. ನನ್ನ ಮಾತು ಅವಳಿಗೆ ತಿಳಿಯದಿದ್ದರೂ ಚಿತ್ರ ತಿಳಿದಿರುತ್ತದೆ.

ಓದುತ್ತ ಓದುತ್ತ ನನ್ನ ಕಣ್ಣು ಮಂಜಾಯಿತು. ಒಳ್ಳೆಯ ಹೆಂಗಸು.

"ಅಳಬ್ಯಾಡ, ಬರಿ" ಎಂದರು ಅಕ್ಕಾರು. "ಐದ ಸಾಲ ಅದಾವ. ಇವತ್ತ ಮಾಡು, ನಾಳೆ ಸಂಜಿಗೆ ನೀನ ಓದು."

"ನಾ ಬರದ ಕೊಡತೀನ್ರಿ ಅಕ್ಕಾರ. ಓದೂದು ಸಿದ್ದಕ್ಕ..."

"ಸಿದ್ದಕ್ಕಗ ಓದಾಕ ಬರತಿದ್ರ ಆಕಿ ಅಡಗಿ ಮನ್ಯಾಗ ಯಾಕ ಇರತಿದ್ಲು, ನನ್ನ ಕುರ್ಚಿ ಮ್ಯಾಲೆ ಕುಂದರತಿದ್ಲು."

ಮೊದಲು ಬರೆದದ್ದು ನನಗೆ ಚೆನ್ನಾಗಿಯೇ ಕಂಡಿತು. 'ಪುಟ್ಟ ಮೊಲವು ಬಹುದೂರದಿಂದ ಪ್ರಯಾಣ ಮಾಡಿ ಬಂದಿದೆ. ಹೊರಗಡೆ ಹಿಮಪಾತವಾಗುತ್ತಿದೆ. ತಾಯಿ ಮೊಲವು ದೀಪವನ್ನು ನಂದಿಸುತ್ತದೆ.' ಪರೀಕ್ಷೆಯಲ್ಲಿ ಬರೆದಿದ್ದರೆ ಹತ್ತಕ್ಕೆ ಎಂಟು ಬರುತ್ತಿತ್ತು. ಮರುದಿನ ಸಂಜೆ ಊಟವಾಗಿ ಮಕ್ಕಳು ಚಾಪೆ ಹಾಸಿಕೊಂಡು ಸಾಲಾಗಿ ಮಲಗಿದ ಮೇಲೆ, ಲಾಟೀನಿನ ಪಕ್ಕ ಕೂತು ಬಾಳವ್ವನ ಕೈಗೆ ಫೋಟೋ ಕೊಟ್ಟು ಓದಿದೆ. ಎರಡನೆಯ ಸಾಲಿಗೆ ಮೂರು ಮಕ್ಕಳು ಎದ್ದು ಕೂತರು. ಅಡುಗೆಮನೆಯ ಬಾಗಿಲಲ್ಲಿ ಪಾತ್ರೆ ಒರೆಸುತ್ತಿದ್ದ ಸಿದ್ದಕ್ಕ ನಕ್ಕಳು.

"ಏನ್ರಿ ಸಣ್ಣ ಅಕ್ಕಾರ, ಧಾರವಾಡ ರೇಡಿಯೋದಾಗ ವಾರ್ತಾ ಬಂದಂಗಾತಲ್ಲ! ಮೊಲಾ ಎಲ್ಲಿ ಇಲೆಕ್ಷನ್‌ಗೆ ನಿಂತೈತಿ?"

ಮಕ್ಕಳೆಲ್ಲ ನಕ್ಕರು. ನಾನೂ ನಕ್ಕೆ, ಆದರೆ ಕಿವಿ ಬಿಸಿಯಾಗಿತ್ತು. ಬಾಳವ್ವ ಮಾತ್ರ ನಗಲಿಲ್ಲ. ಫೋಟೋವನ್ನು ಮೂಗಿನ ಹತ್ತಿರ ಹಿಡಿದು ಕಿಟಕಿಯಾಚೆಯ ಬಿಳಿಯನ್ನೇ ನೋಡುತ್ತಿದ್ದಳು.

"ಅಕ್ಕಾರ, ಇಲ್ಲಿ ಕುರಿ ಕತ್ತರಸ್ಯಾರ."

"ಎಲ್ಲಿ ಅವ್ವಿ?"

"ಇಲ್ಲಿ. ಉಣ್ಣಿ ಬಿದ್ದೈತಿ. ನಮ್ಮ ಕುರೀದು ಕರೀದಿರತೈತಿ. ಇದು ಬಿಳೀದು." ಸ್ವಲ್ಪ ಯೋಚಿಸಿ ಕೇಳಿದಳು, "ಇಷ್ಟ ಬಿಳೀ ಕುರಿ ಯಾರವು?"

ಮರುದಿನ ನಾನು ಹಳೆಯದನ್ನು ಹೊಡೆದುಹಾಕಿ ಹೊಸದಾಗಿ ಕೂತೆ. ಮಗುವಿನ ಕಣ್ಣು ಚಿತ್ರದಲ್ಲಿ ಮೊದಲು ಎಲ್ಲಿ ಬೀಳುತ್ತದೆಯೋ ಆ ಮಾತು ಮೊದಲು ಬರಬೇಕು. ಒಂದು ಉಸಿರಿಗೆ ಒಂದು ಸಾಲು. ನಿದ್ದೆಗೆ ಹೋಗುತ್ತಿರುವ ಮಗು ಒಂದು ಮಾತನ್ನು ಕೈಬಿಟ್ಟರೂ ಅದೇ ಮಾತು ಇನ್ನೊಮ್ಮೆ ಬಂದು ಕೈಗೆ ಸಿಗಬೇಕು. ಹಿಮ ಎನ್ನುವುದನ್ನು ಬಿಟ್ಟೆ, ಅವಳೇ ಕೊಟ್ಟ ಉಣ್ಣೆಯನ್ನು ತೆಗೆದುಕೊಂಡೆ. ಸಂಜೆ ಹೊತ್ತು ದೀಪ ನಂದಿಸುವುದು ಎಂಬ ಮಾತು ನಮ್ಮ ಮನೆಯಲ್ಲೂ ಬಾಯಿಗೆ ತರುವುದಿಲ್ಲ. ನಮ್ಮವ್ವ ಹೇಳುವಂತೆ ಶಾಂತ ಮಾಡುವುದು ಎಂದು ಬರೆದೆ. ಪುಸ್ತಕದ ಕನ್ನಡ ಬೇಡ, ಬಾಯಿಮಾತೇ ಇರಲಿ ಎಂದುಕೊಂಡೆ. ಬರೆದ ಮೇಲೆ ಯಾರೂ ಇಲ್ಲದ ಸ್ಟೋರ್ ರೂಮಿನಲ್ಲಿ ಅಕ್ಕಿ ಚೀಲಗಳ ನಡುವೆ ನಿಂತು ಮೆಲ್ಲಗೆ ಓದಿ ನೋಡಿದೆ. ಎಲ್ಲಿ ಉಸಿರು ತುಂಡಾಯಿತೋ ಅಲ್ಲಿ ಸಾಲು ಮುರಿದೆ.

ದೂರದಿಂದ ಬಂತು, ಭಾಳ ದೂರದಿಂದ ಬಂತು, ಮೊಲದ ಮರಿ.
ಹೊರಗ ಬೆಳ್ಳಗ ಬಿದ್ದೈತಿ, ಬಿಳೀ ಉಣ್ಣಿಯಂಥಾ ಮಂಜು.
ಅವ್ವ ಮೊಲ ಬಂದ್ಲು, ದೀಪ ಶಾಂತ ಮಾಡಿದ್ಲು.
ಮಲಕೋ ನನ್ನ ಮರಿ, ಮಲಕೋ. ಇದ ನಿನ್ನ ಹಾಸಿಗಿ.

ಐದನೆಯ ಸಾಲಿನ ಇಂಗ್ಲಿಷ್ ಹೀಗಿತ್ತು: ನೀನು ಮನೆಗೆ ಬಂದಿದ್ದೀ, ಇನ್ನೆಂದಿಗೂ ಎಲ್ಲಿಗೂ ಹೋಗಬೇಕಾಗಿಲ್ಲ. 'ಇದ ನಿನ್ನ ಮನಿ, ಇನ್ನ ಎಲ್ಲೂ ಹೋಗೂದಿಲ್ಲ' ಎಂದು ಮಾಡಿದೆ. ಸಲೀಸಾಗಿ ಬಂತು, ಸಂತೋಷವೂ ಆಯಿತು. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋದ ಮಗುವಿಗೆ ಇದಕ್ಕಿಂತ ಹಿತವಾದ ಮಾತು ಯಾವುದು?

ಆ ಸಂಜೆ ನಾಲ್ಕು ಸಾಲು ಮುಗಿಯುವಷ್ಟರಲ್ಲಿ ಮಕ್ಕಳ ಸದ್ದಡಗಿತ್ತು. ನನ್ನ ಧ್ವನಿ ನಡುಗಿರಲಿಲ್ಲ. ಮಾತು ನನ್ನದೇ ಆದದ್ದಕ್ಕೋ ಏನೋ. ಐದನೆಯದನ್ನು ಓದಿದೆ. ಬಾಳವ್ವನ ಕಣ್ಣು ತೆರೆಯಿತು.

"ಎಲ್ಲೂ ಹೋಗೂದಿಲ್ಲಾ?"

"ಹೂಂ, ಎಲ್ಲೂ ಇಲ್ಲ."

"ಆಯಿ ಕಡೆನೂ?"

ಅಜ್ಜಿಯನ್ನು ಅವಳು ಆಯಿ ಎನ್ನುತ್ತಿದ್ದಳು. ಅವಳ ಕೆಳತುಟಿ ಹೊರಗೆ ಬಂತು. ಸದ್ದು ಮಾಡಿ ಅಳುವ ಮಗುವಲ್ಲ ಅದು. ಮುಖವನ್ನು ಚಾಪೆಗೆ ಒತ್ತಿಕೊಂಡು ಬೆನ್ನು ಮಾತ್ರ ಅಲುಗುವಂತೆ ಅಳುತ್ತಿತ್ತು. ಸಿದ್ದಕ್ಕ ಬಂದು ಎತ್ತಿಕೊಂಡಳು, ಬೆಲ್ಲ ಕೊಟ್ಟಳು. ಬೆಲ್ಲ ಕೈಯಲ್ಲೇ ಕರಗಿತು. ಆ ಪುಟ್ಟ ಬೆನ್ನನ್ನು ನೋಡಲಾಗಲಿಲ್ಲ. ಹಾಳೆಯನ್ನು ಕೈಯಲ್ಲಿ ಹಿಡಿದು, ಅಲ್ಲಿ ಬರೆದದ್ದನ್ನೇ ಓದುತ್ತಿದ್ದೇನೆ ಎಂಬಂತೆ ನಾನು ಹೇಳಿದೆ:

"ಪಂಚಮಿ ಬಂದ್ರ ಆಯಿ ಊರಿಗೆ ಹೋಗೂಣು, ಜೋಕಾಲಿ ಆಡೂಣು."

ಎಲ್ಲಿಂದ ಬಂತೋ ಗೊತ್ತಿಲ್ಲ. ನನ್ನ ಸೋದರತ್ತೆಯರು, ನನ್ನ ಅಕ್ಕ, ಊರಿನ ಎಲ್ಲ ಹೆಣ್ಣುಮಕ್ಕಳು ನಾಗರ ಪಂಚಮಿಗೆ ತವರಿಗೆ ಬರುವುದನ್ನು ನೋಡಿ ಬೆಳೆದವಳು ನಾನು. ದೂರ ಹೋದ ಹೆಣ್ಣುಮಗಳ ಸುದ್ದಿಯನ್ನು ಬೇರೆ ರೀತಿ ಮುಗಿಸುವುದು ನಮ್ಮ ನಾಲಗೆಗೆ ಬರುವುದೇ ಇಲ್ಲ. ಬಾಳವ್ವ ತಲೆ ಎತ್ತಿದಳು.

"ಇನ್ನೊಮ್ಮಿ."

ಇನ್ನೊಮ್ಮೆ ಹೇಳಿದೆ. ಮೂರನೆಯ ಸಲ ಹೇಳುವಷ್ಟರಲ್ಲಿ ನಿದ್ದೆಹೋಗಿದ್ದಳು. ಮರುದಿನ ನಾನು ಐದನೆಯ ಸಾಲನ್ನು ಹೊಡೆದು ಪಂಚಮಿಯ ಸಾಲನ್ನು ದುಂಡಗೆ ಬರೆದು, ಐದೂ ಸಾಲಿನ ಆ ಕಾಗದದ ಪಟ್ಟಿಯನ್ನು ಫೋಟೋದ ಕೆಳಗೆ ಒಂದೇ ರಟ್ಟಿಗೆ ಅಂಟಿಸಿದೆ. ಅವರ ಚುಕ್ಕೆ ಅಕ್ಷರದ ಕೆಳಗೆ ನನ್ನ ಅಕ್ಷರ. ನೋಡುವವರಿಗೆ ಎರಡೂ ಒಂದೇ ಪುಟ.

ಮಲಗಿಸುವ ಸಲುವಾಗಿ ಹೇಳಿದ ಮಾತು, ಇದರಿಂದ ಯಾರಿಗೆ ಏನು ಎಂದುಕೊಂಡಿದ್ದೆ.

ಶಿವರಾತ್ರಿ ಮುಗಿದ ಮೇಲೆ ಮಾಯಕ್ಕ ಬಂದಳು. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಗಂಟು, ಗಂಟಿನಲ್ಲಿ ಮೊಮ್ಮಗಳಿಗೆ ಹುರಿದ ಶೇಂಗಾ. ಕಣ್ಣಿನ ಪೊರೆಯಿಂದಾಗಿ ಆಕೆ ಯಾರನ್ನಾದರೂ ನೋಡಬೇಕಾದರೆ ಮುಖವನ್ನು ಸ್ವಲ್ಪ ಓರೆ ಮಾಡುತ್ತಿದ್ದಳು, ಹಕ್ಕಿಯ ಹಾಗೆ. ಅಕ್ಕಾರು ಆಕೆಯನ್ನು ಎದುರು ಕೂರಿಸಿಕೊಂಡು ಕೋರ್ಟಿನ ತಾರೀಖು ಹೇಳಿದರು.

"ಜಜ್ಜ್ ಸಾಹೇಬ್ರು ಕೇಳತಾರ, ಒಪ್ಪಿಗಿ ಐತೇನಂತ. ನೀ ಹೂಂ ಅನಬೇಕು."

ಮಾಯಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ, ಸುತ್ತಿ ಬಿಚ್ಚಿ ಮಾಡುತ್ತಿದ್ದಳು. ಹಿಂದಿನ ಎರಡು ಸಲವೂ ಹೀಗೇ ಮಾಡಿ 'ಮಗನ್ನ ಕೇಳಿ ಹೇಳತೀನಿ' ಎಂದು ಹೋಗಿದ್ದಳು.

"ಏನವ್ವಾ ಮಾಯಕ್ಕ, ಬಾಯಾಗ ಅಕ್ಕಿ ತುಂಬಕೊಂಡಿ ಏನ? ಆ ದೇಶದಾಗ ಆಕಿಗೆ ಬ್ಯಾರೆ ಖೋಲಿ, ಬ್ಯಾರೆ ಮಂಚ. ಸಾಲಿ. ಅವರ ಮಗಳಾಗಿ ಬೆಳೀತಾಳ. ಇಲ್ಲಿದ್ರ ಏನಾಕ್ಕಾಳ, ನೀನ ಹೇಳು."

"ಖರೇ ಐತ್ರಿ ಅಕ್ಕಾರ. ದೂರ ಆತು ಅಂತ."

ಅಕ್ಕಾರು ಸುಳ್ಳು ಹೇಳಲಿಲ್ಲ. ಯಾವತ್ತೂ ಹೇಳಿದವರಲ್ಲ. ದೂರ ಎಂದರು, ವಿಮಾನ ಎಂದರು, ಅವರ ಮಗಳು ಎಂದರು. ತಿರುಗಿ ಬರುತ್ತಾಳೋ ಇಲ್ಲವೋ ಎಂಬುದನ್ನು ಮಾತ್ರ ಯಾರೂ ಕೇಳಲಿಲ್ಲ, ಯಾರೂ ಹೇಳಲಿಲ್ಲ.

ಅಷ್ಟರಲ್ಲಿ ಬಾಳವ್ವ ಒಳಗಿನಿಂದ ರಟ್ಟನ್ನು ಎತ್ತಿಕೊಂಡು ಓಡಿಬಂದು ಆಯಿಯ ತೊಡೆಯ ಮೇಲೆ ಕೂತಳು. ಓದಲು ಬರದಿದ್ದರೂ ಬೆರಳಿಟ್ಟು ಒಂದೊಂದು ಸಾಲು ಹೇಳಿದಳು, ನಾನು ಉಸಿರು ಬಿಡುತ್ತಿದ್ದ ಕಡೆಯೇ ಉಸಿರು ಬಿಡುತ್ತ. ಬಿಳೀ ಉಣ್ಣಿ ಬಂದಾಗ ಮಾಯಕ್ಕ ನಕ್ಕಳು. "ಅಲ್ಲಿನೂ ಕುರಿ ಅದಾವೇನ?" ಎಂದಳು. ಕೊನೆಯ ಸಾಲಿಗೆ ಬಂದಾಗ ಆಕೆಯ ಬೆರಳು ಸೆರಗಿನ ಮೇಲೆ ನಿಂತಿತು.

"ಏನಂದಿ? ಇನ್ನೊಮ್ಮಿ ಹೇಳು."

"ಪಂಚಮಿ ಬಂದ್ರ ಆಯಿ ಊರಿಗೆ ಹೋಗೂಣು, ಜೋಕಾಲಿ ಆಡೂಣು!"

ಮಾಯಕ್ಕ ಮುಖ ಓರೆ ಮಾಡಿ ನನ್ನ ಕಡೆ ತಿರುಗಿದಳು. "ಸಣ್ಣ ಅಕ್ಕಾರ, ಈ ಹಾಳಿ ಆ ದೇಶದಿಂದ ಬಂದದ್ದೇನ್ರಿ?"

"ಹೂಂ" ಎಂದೆ. ಹಾಳೆ ಬಂದದ್ದು ನಿಜ ತಾನೆ.

"ಆ ಅವ್ವನ ಕಳಿಸಿದ್ದು?"

"ಹೂಂ."

ಆಕೆಯ ಇಡೀ ಮೈ ಸಡಿಲವಾಯಿತು. ಭಾರದ ಗಂಟನ್ನು ಕಟ್ಟೆಯ ಮೇಲೆ ಇಳಿಸಿದವರಂತೆ ಉಸಿರು ಬಿಟ್ಟಳು. "ಮತ್ತ ಇದನ್ನ ಮೊದಲ ಯಾಕ ಹೇಳಲಿಲ್ರಿ? ನಾ ಏನೇನೋ ಅನಕೊಂಡಿದ್ದೆ. ಮಗಳನ್ನ ಕೊಟ್ಟಂಗಾತು ಹೋಗ. ದೂರ ಕೊಟ್ಟಿವಿ, ಏನಾತು? ಕೊಟ್ಟ ಮಗಳು ಮೊದಲನೇ ಪಂಚಮಿಗೆ ಬರಾಕಬೇಕಲ್ಲ. ಅವರೂ ಮಂದಿ, ಅವರಿಗೂ ತಿಳೀತೈತಿ." ಅಕ್ಕಾರ ಕಡೆ ತಿರುಗಿ ಕೈಮುಗಿದಳು. "ಬರತೀನ್ರಿ ಕೋರ್ಟಿಗೆ. ಹೂಂ ಅಂತೀನಿ."

ನಾನು ಬಾಯಿ ತೆರೆದೆ. ಬಂದದ್ದು 'ಹೋಗಿ ಬರ್ರಿ' ಎಂಬುದಷ್ಟೇ.

ಆಕೆ ಹೋದ ಮೇಲೆ ಅಕ್ಕಾರ ಕೋಣೆಗೆ ಹೋಗಿ ನಿಂತೆ. ಅವರು ಹಾಲಿನ ಪುಡಿಯ ಡಬ್ಬಿಗಳನ್ನು ಎಣಿಸುತ್ತಿದ್ದರು.

"ಅಕ್ಕಾರ, ಆ ಕಡೇ ಸಾಲು... ಅವರು ಬರದದ್ದಲ್ಲ."

ಅವರು ಎಣಿಸುವುದು ನಿಲ್ಲಿಸಲಿಲ್ಲ. "ಗೊತ್ತೈತಿ. ಫೋಟೋದ ಹಿಂದ ನಾನೂ ಓದೀನಿ."

"ಮತ್ತ ಹೇಳಬೇಕಲ್ರಿ."

"ಯಾರಿಗೆ?"

"ಮಾಯಕ್ಕಗ."

ಅಕ್ಕಾರು ಡಬ್ಬಿ ಕೆಳಗಿಟ್ಟು ನನ್ನನ್ನು ನೋಡಿದರು. ಆ ಚಳಿಗಾಲದಲ್ಲಿ ನಮ್ಮ ಆಶ್ರಮದ ಎರಡು ಕೂಸುಗಳು ತೀರಿಕೊಂಡಿದ್ದವು. ಅವನ್ನು ಬಟ್ಟೆಯಲ್ಲಿ ಸುತ್ತಿದ್ದು ಅಕ್ಕಾರ ಇದೇ ಕೈ.

"ನೀಲಾ, ನೀ ಬರದದ್ದು ಹುಡುಗಿ ಮಲಗಲಿ ಅಂತ. ಕೋರ್ಟಿಗಂತ ಬರದಿಲ್ಲ. ಮುದುಕಿ ತಾನ ಏನೋ ತಿಳಕೊಂಡ್ಲು, ಆಕಿ ಜೀವಕ್ಕ ಸಮಾಧಾನ ಆತು. ಈಗ ಹೋಗಿ ಮುರದು, ಆಕಿ ಒಲ್ಲೆ ಅಂದ್ರ ಏನ ಮಾಡತೀ? ಬಾಳವ್ವನ್ನ ನಿಮ್ಮನಿಗೆ ಕರಕೊಂಡ ಹೋಗತೀ? ಚನ್ನಬಸಯ್ಯನವರು ಒಳಗ ಬಿಟ್ಟಾರ?"

ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಅಲ್ಲಿ ಆ ಮಗುವಿಗೆ ಹಾಸಿಗೆ ಹಾಕಿಟ್ಟು ಕಾಯುವವರಿದ್ದರು. ಇಲ್ಲಿ ಚಾಪೆಯಿತ್ತು, ಕೆಮ್ಮು ಇತ್ತು. ನಾನು ಕಣ್ಣೊರೆಸಿಕೊಂಡು ಹೊರಗೆ ಬಂದೆ. ಅಂದಿನಿಂದ ಪ್ರತಿ ಸಂಜೆ ಓದುವಾಗ ಕೊನೆಯ ಸಾಲು ಬಿಡಬೇಕು ಎಂದುಕೊಂಡೇ ಕೂರುತ್ತಿದ್ದೆ. ನಾನು ನಿಲ್ಲಿಸಿದರೆ ಬಾಳವ್ವ ತಾನೇ ಹೇಳುತ್ತಿದ್ದಳು, ಆಮೇಲೆ ಇಡೀ ಸಾಲಿನ ಮಕ್ಕಳೂ ಹೇಳುತ್ತಿದ್ದರು. ಆಯಿ ಇಲ್ಲದ, ಊರು ಇಲ್ಲದ ಮಕ್ಕಳು ಕೂಡ.

ಕೋರ್ಟಿನ ಹಿಂದಿನ ದಿನ ಅಕ್ಕಾರು ನನ್ನನ್ನು ಖಾನಾಪುರಕ್ಕೆ ಕಳಿಸಿದರು. ಮಾಯಕ್ಕನನ್ನು ಕರೆತಂದು ಆ ರಾತ್ರಿ ಆಶ್ರಮದಲ್ಲೇ ಮಲಗಿಸಿ, ಬೆಳಿಗ್ಗೆ ವಕೀಲ ಬಾಳಾಸಾಹೇಬರ ಜೊತೆ ಕೋರ್ಟಿಗೆ ಕರೆದೊಯ್ಯುವುದಿತ್ತು. "ಬಾಯಿ ಬಾರದವಳನ್ನ ಕಳಸಾಕತ್ತೀನಿ, ಒಳ್ಳೇದ ಆತು" ಎಂದರು ನಗುತ್ತ. ಅವರು ಚೇಷ್ಟೆಗೆ ಅಂದದ್ದೋ ಅಥವಾ ಅಳೆದು ತೂಗಿ ಅಂದದ್ದೋ ಈಗಲೂ ತಿಳಿಯದು.

ಬಸ್ಸಿನ ಕಿಟಕಿಯಿಂದ ಒಣಗಿದ ಗದ್ದೆಗಳನ್ನು ನೋಡುತ್ತ ಮನಸ್ಸಿನಲ್ಲೇ ಮಾತು ಕಟ್ಟಿದೆ. ಒಂದನ್ನೂ ನನ್ನ ಬಾಯಿ ಆಡುವಂತಿರಲಿಲ್ಲ. ಖಾನಾಪುರದಲ್ಲಿ ಇಳಿದು ಚಹಾ ಅಂಗಡಿಯವನನ್ನು ಕೇಳಿದೆ. ಆತ ಮೊದಲು ಮರಾಠಿಯಲ್ಲಿ, "ಧನಗರಾಂಚಿ ಮಾಯಕ್ಕ ಕಾ?" ಎಂದು, ನನ್ನ ಮುಖ ನೋಡಿ ಕನ್ನಡಕ್ಕೆ ತಿರುಗಿದ. "ಕುರಬರ ಮಾಯಕ್ಕೇನ್ರಿ? ಪೂಲ್ ದಾಟ್ರಿ, ಹೊಳಿ ಬಾಜು ಹೋಗ್ರಿ. ಮೊಮ್ಮಗಳು ಪರದೇಶಕ್ಕ ಹೊಂಟಾಳಲ್ಲ, ಆಕಿ? ಪಂಚಮಿಗೆ ವಿಮಾನದಾಗ ಬರತಾಳಂತ! ಊರೆಲ್ಲಾ ಹೇಳ್ಯಾಳ್ರಿ ಮುದುಕಿ."

ಮಲಪ್ರಭೆಯ ಸೇತುವೆಯ ಮೇಲೆ ನಾನು ಸ್ವಲ್ಪ ಹೊತ್ತು ನಿಂತೆ. ನೀರು ಕಡಿಮೆಯಾಗಿ ಬಂಡೆಗಳು ಕಾಣುತ್ತಿದ್ದವು. ತಿರುಗಿ ಬಸ್ಸು ಹತ್ತಿ ಹೋಗಿಬಿಡಲೇ ಎನಿಸಿತು.

ಮಾಯಕ್ಕನ ಮನೆಯ ಮುಂದೆ ಒಂದು ಮಾವಿನ ಮರ. ಅದರ ನೆರಳಲ್ಲಿ ಕಾಲು ಚಾಚಿ ಕೂತು ಆಕೆ ಹಗ್ಗ ಹೊಸೆಯುತ್ತಿದ್ದಳು. ಪುಂಡಿಯ ನಾರನ್ನು ಕಾಲ್ಬೆರಳ ಸಂದಿಗೆ ಸಿಕ್ಕಿಸಿ, ಅಂಗೈಗೆ ಉಗುಳು ಹಚ್ಚಿ ತೊಡೆಯ ಮೇಲೆ ತಿಕ್ಕುತ್ತಿದ್ದಳು. ಪಕ್ಕದಲ್ಲಿ ಹೊಸೆದ ಹಗ್ಗ ಸುರುಳಿಯಾಗಿ ಬಿದ್ದಿತ್ತು, ದಪ್ಪಗೆ.

"ಯಾರು?"

"ನಾನ್ರಿ, ಬೆಳಗಾವಿಯಿಂದ. ನೀಲಾ."

"ಬರ್ರಿ ಸಣ್ಣ ಅಕ್ಕಾರ, ಬರ್ರಿ! ಕುಂದರ್ರಿ." ಕಂಬಳಿ ಕೊಡವಿ ಹಾಸಿದಳು. "ಭರಮ್ಯಾ ಕುರಿ ಕಡೆ ಹೋಗ್ಯಾನ. ನಾ ತಯಾರದೀನಿ, ಇದೊಂದ ಎಳಿ ಮುಗಸತೀನಿ. ಕೂಸು ಚಲೋ ಐತಿ?"

"ಐತಿ."

"ಅಳತಾಳೇನ?"

"ಇಲ್ಲ."

"ಓದತೀರಿ ಹೌದಲ್ಲ ದಿನಾ, ಆ ಮೊಲದ್ದು?"

ತಲೆ ಆಡಿಸಿದೆ. ಆಕೆಗೆ ಕಾಣಿಸುವುದಿಲ್ಲ ಎಂದು ನೆನಪಾಗಿ ಹೂಂ ಎಂದೆ.

"ನಾನೂ ದಿನಾ ಅಂತೀನ್ರಿ. ಕೇಳ್ರಿ." ಹಗ್ಗ ಹೊಸೆಯುತ್ತಲೇ, ಒಂದೊಂದು ತಿಕ್ಕಿಗೆ ಒಂದೊಂದು ಸಾಲು ಹೇಳಿದಳು. ದೂರದಿಂದ ಬಂತು, ಭಾಳ ದೂರದಿಂದ ಬಂತು, ಮೊಲದ ಮರಿ. ನನ್ನ ಮಾತುಗಳು ಆ ಒಡಕು ದನಿಯಲ್ಲಿ ನಾನು ಬರೆದದ್ದಕ್ಕಿಂತ ಹಳೆಯವಾಗಿದ್ದವು, ಬೀಸುವ ಕಲ್ಲಿನ ಮುಂದೆ ಕೂತು ಯಾರೋ ಎಂದೋ ಹಾಡಿ ಬಿಟ್ಟುಹೋದವು ಎಂಬಂತೆ. ಕೊನೆಯ ಸಾಲನ್ನು ಎರಡು ಸಲ ಹೇಳಿದಳು. ಎರಡನೆಯ ಸಲ ಮೆಲ್ಲಗೆ, ತನಗಷ್ಟೇ.

"ಹಗ್ಗ ಈಗ ಯಾಕ್ರಿ?" ಎಂದು ಕೇಳಿದೆ. ಉತ್ತರ ಗೊತ್ತಿತ್ತು.

"ಜೋಕಾಲಿಗೆ. ಪಂಚಮಿ ದೂರ ಐತಿ, ಖರೇ. ಕಣ್ಣು ದಿನಾ ಒಂದೀಟ ಹೋಗಾಕತ್ತೈತ್ರಿ. ಅಷ್ಟೊತ್ತಿಗೆ ನಾರು ಯಾವುದು, ಹುಲ್ಲು ಯಾವುದು ಗೊತ್ತಾಗಲಿಕ್ಕಿಲ್ಲ. ಪ್ಯಾಟಿ ಹಗ್ಗ ಹರೀತೈತಿ. ಅಲ್ಲಿಂದ ಬಂದ ಕೂಸು ಬಿದ್ದಗಿದ್ದೀತು." ಹಗ್ಗದ ಸುರುಳಿಯನ್ನು ಎತ್ತಿ ನನ್ನ ಮಡಿಲಿಗೆ ಇಟ್ಟಳು. "ಜಗ್ಗಿ ನೋಡ್ರಿ. ಗಟ್ಟಿ ಐತೇನ?"

ಜಗ್ಗಿದೆ. ಗಟ್ಟಿಯಿತ್ತು. ಅಂಗೈ ಉರಿಯಿತು.

ಆಕೆ ಒಳಗೆ ಹೋಗಿ ತಡಕಾಡಿ ಒಂದು ಮಡಿಸಿದ ಬಟ್ಟೆ ತಂದಳು. ಕೆಂಪು ಅಂಚಿನ ಹೊಸ ಖಣ, ಕುಪ್ಪಸಕ್ಕೆ ಕೊಡುವುದು. ಬಿಚ್ಚಿ ನನ್ನ ಕೈಗೆ ಮುಟ್ಟಿಸಿದಳು.

"ಇದು ಆ ಅವ್ವಗ. ಮಗಳನ್ನ ಕರಕೊಂಡ ಬಂದಾಕೀನ ಬರೀ ಕೈಲೆ ಹೆಂಗ ಕಳಸಬೇಕು? ಬಣ್ಣ ಚಲೋ ಐತೇನ್ರಿ? ಅಂಗಡಿಯಂವ ಹಸರು ಅಂದ."

ಹಸಿರೇ ಇತ್ತು. ಎಳೆಯ ಜೋಳದ ಎಲೆಯ ಹಸಿರು.

"ಚಲೋ ಐತಿ" ಎಂದೆ.

"ಮತ್ತ ಸಣ್ಣ ಅಕ್ಕಾರ, ಒಂದ ಕೇಳತೀನಿ, ನಗಬ್ಯಾಡ್ರಿ." ಮುಖವನ್ನು ಓರೆ ಮಾಡಿ, ಆ ಬೂದು ಕಣ್ಣುಗಳಿಂದ ನಾನಿದ್ದ ಕಡೆಯನ್ನು ಹುಡುಕಿದಳು. "ನಾಳೆ ಆ ಜಜ್ಜ್ ಸಾಹೇಬರ ಮುಂದ ನಾ ಹೂಂ ಅಂತೀನಿ. ಅನ್ನೂಕಿಂತ ಮೊದಲ ತಿಳಕೋಬೇಕಲ್ಲ. ಪಂಚಮಿಗೆ ಆಕಿನ್ನ ಯಾರ ಕರಕೊಂಡ ಬರತಾರ? ಅವ್ವನ ಬರತಾಳೋ, ಅಪ್ಪ ಬರತಾನೋ? ಪಂಚಮಿ ಮುಂದ ಎಷ್ಟ ದಿನ ಇರಾಕ ಬಿಡತಾರ?"

ಹೊಳೆಯ ಕಡೆಯಿಂದ ಕುರಿಗಳ ಕೂಗು ಬರುತ್ತಿತ್ತು. ಮಡಿಲಲ್ಲಿ ಹಗ್ಗವಿತ್ತು, ಅದರ ಮೇಲೆ ಹಸಿರು ಖಣ. ನನಗೆ ಸ್ವೀಡನ್ನಿನ ಆ ಗೂಡು ನೆನಪಾಯಿತು, ಅಲ್ಲಿ ಕಾಯುತ್ತಿರುವ ಪುಸ್ತಕ ನೆನಪಾಯಿತು. ಅಕ್ಕಾರ ಕೈ ನೆನಪಾಯಿತು. ಇವರಲ್ಲಿ ಯಾರಿಗೂ ನಾನು ಕೆಟ್ಟದ್ದು ಬಯಸಲಾರೆ. ಸುಮ್ಮನೆ ಎದ್ದು, ಬಸ್ಸಿಗೆ ಹೊತ್ತಾಯಿತು ಎಂದರೆ ಸಾಕಿತ್ತು. ಮುದುಕಿ ಗಂಟು ಎತ್ತಿಕೊಂಡು ಬರುತ್ತಿದ್ದಳು, ನಾಳೆ ಹೂಂ ಎನ್ನುತ್ತಿದ್ದಳು. ಆಮೇಲೆ ಶ್ರಾವಣ ಬರುತ್ತಿತ್ತು, ಈ ಮರಕ್ಕೆ ಈ ಹಗ್ಗ ಬೀಳುತ್ತಿತ್ತು. ಕಣ್ಣು ಪೂರಾ ಹೋದವಳು ದಾರಿಯ ಕಡೆ ಕಿವಿ ಕೊಟ್ಟು ಕೂರುತ್ತಿದ್ದಳು.

ಗಂಟಲು ಕಟ್ಟಿತು. ಕಟ್ಟಲಿ ಎಂದುಕೊಂಡೆ. ಆಕೆಯ ಒರಟು ಕೈಯನ್ನು ಹಿಡಿದುಕೊಂಡೆ, ಧ್ವನಿ ಎಲ್ಲಿಂದಲೋ ಬಂತು. ನನ್ನದೇ ಧ್ವನಿ, ಜೋರಾಗಿ.

"ಯಾರೂ ಕರಕೊಂಡ ಬರೂದಿಲ್ಲ ಆಯಿ. ಪಂಚಮಿ ಮಾತು ಆ ಹಾಳ್ಯಾಗ ಇಲ್ಲ, ಅದು ನಾ ಬರದದ್ದು. ಬಾಳವ್ವ ಹೋದ್ರ ತಿರುಗಿ ಬರೂದಿಲ್ಲ."